ಕೊಡಗಿನ ಮಳೆಗಾಲದಲ್ಲಿ ಕೋವಿಯ ತೋಟಾ ಕೆಡದಂತೆ ಇಡುವುದು: ನನ್ನ ಅನುಭವ

ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ ಆರಂಭದಲ್ಲಿ. ಅಂದರೆ ಕೊಡಗಿನಲ್ಲಿ ಕೋವಿಯನ್ನು ಹೊರಗೆ ತೆಗೆದು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುವ ಹೊತ್ತಿಗೆ ತೋಟಾಗಳು ಮೂರು ತಿಂಗಳ ಮಳೆಯನ್ನು ಕುಡಿದು ಕುಳಿತಿರುತ್ತವೆ. ಆಗ ಪ್ರತಿವರ್ಷವೂ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: ಇವು ಎಷ್ಟು ವರ್ಷದ ತನಕ ಬಾಳಿಕೆ ಬರುತ್ತವೆ? ನನ್ನ ಉತ್ತರ, ವರ್ಷ ಎಣಿಸಬೇಡಿ, ಎಲ್ಲಿಟ್ಟಿದ್ದೀರಿ ಎಂದು ಹೇಳಿ. ಎರಡನೇ ಮಹಾಯುದ್ಧದ ಕಾಲದ .303 ಗುಂಡುಗಳು ಒಣ ಜಾಗದಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ ಇಂದಿಗೂ ಸಿಡಿಯುವುದುಂಟು. ಹೋದ ವರ್ಷ ಕೊಂಡ ಹನ್ನೆರಡು ಬೋರಿನ ತೋಟಾ ಒಂದೇ ಮಳೆಗಾಲದಲ್ಲಿ ಹಾಳಾಗುವುದೂ ಉಂಟು.

ನಮ್ಮ ಮನೆಯಲ್ಲಿರುವುದು ಜೋಡು ನಳಿಗೆಯ ಕೋವಿ. ಅದರ ತೋಟಾದ ಬುಡದಲ್ಲಿ ಲೋಹದ ಬಟ್ಟಲು, ಅದರ ಮೇಲೆ ಪ್ಲಾಸ್ಟಿಕ್ ಅಥವಾ ಹಳೆಯದಾದರೆ ಕಾಗದದ ಕೊಳವೆ, ಬಾಯಿಯಲ್ಲಿ ಮಡಿಕೆ. ಆ ಮಡಿಕೆ ನೀರನ್ನು ಪೂರ್ತಿ ತಡೆಯುವಂಥದ್ದಲ್ಲ. ಸೇನೆಯ ಗುಂಡುಗಳಲ್ಲಿ, ಬುಡದಲ್ಲಿದ್ದು ಕಿಡಿ ಹೊತ್ತಿಸುವ ಕೇಪಿನ ಸುತ್ತಲೂ ಗುಂಡಿನ ಕತ್ತಿನಲ್ಲೂ ಅರಗಿನಂಥ ಲೇಪ ಹಚ್ಚಿ ಗಾಳಿಯಾಡದಂತೆ ಮುಚ್ಚಿರುತ್ತಾರೆ; ಚರೆಯ ತೋಟಾಗಳಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಹಾಗಾಗಿ ರೈಫಲ್ ಗುಂಡಿನ ಆಯುಷ್ಯವನ್ನು ನೋಡಿ ಚರೆಯ ತೋಟಾದ ಆಯುಷ್ಯವನ್ನು ಅಳೆಯುವುದು ತಪ್ಪು ಲೆಕ್ಕ.

ಕೆಡುವ ವಸ್ತುಗಳು ಎರಡು, ಮತ್ತು ಅವು ಕೆಡುವ ಬಗೆ ಬೇರೆ ಬೇರೆ. ಕೇಪಿನೊಳಗಿನ ಮಿಶ್ರಣದಲ್ಲಿ ಈಗ ಸಾಮಾನ್ಯವಾಗಿ ಲೆಡ್ ಸ್ಟಿಫ್ನೇಟ್ ಇರುತ್ತದೆ. ಕಾರ್ಖಾನೆಯಲ್ಲಿ ಅದನ್ನು ತುಂಬುವುದೇ ಒದ್ದೆಯಾಗಿ, ಏಕೆಂದರೆ ಒಣಗಿದಾಗ ಅದು ಮುಟ್ಟಿದರೆ ಮುನಿಯುವ ವಸ್ತು. ಒದ್ದೆಯಾಗಿದ್ದಾಗ ಸುಮ್ಮನಿರುತ್ತದೆ ಎಂಬುದೇ ನಮ್ಮ ತೊಂದರೆಯ ಮೂಲ: ತೇವ ಒಳಹೊಕ್ಕರೆ ಕೋವಿಯ ಕುದುರೆಯ ಪೆಟ್ಟು ಬಿದ್ದರೂ ಅದು ಮಾತಾಡುವುದಿಲ್ಲ, ಅಥವಾ ದುರ್ಬಲವಾದ ಕಿಡಿಯನ್ನಷ್ಟೇ ಕೊಡುತ್ತದೆ. ಒಣಗಿಸಿದರೆ ಮರಳಿ ಕೆಲಸ ಮಾಡಬಹುದು, ಆದರೆ ಅದನ್ನು ನಂಬಿ ನಿಲ್ಲುವಂತಿಲ್ಲ. ಎಣ್ಣೆಯೂ ಅಷ್ಟೇ ಕೆಟ್ಟದ್ದು. ತುಕ್ಕು ಹಿಡಿಯಬಾರದೆಂದು ತೋಟಾದ ಬುಡಕ್ಕೆ ಕೋವಿಯ ಎಣ್ಣೆ ಸವರುವವರಿದ್ದಾರೆ. ತೆಳುವಾದ ಎಣ್ಣೆ ಕೇಪಿನ ಸುತ್ತಲಿನ ಸಂದಿಯಿಂದ ನಿಧಾನವಾಗಿ ಒಳಗೆ ಹರಿಯುತ್ತದೆ. ನಾನು ಒಣ ಹತ್ತಿಬಟ್ಟೆಯಲ್ಲಿ ಒರೆಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ.

ಮದ್ದಿಗೆ ತೇವಕ್ಕಿಂತ ದೊಡ್ಡ ಶತ್ರು ಬಿಸಿ. ಈಗಿನ ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅದು ಯಾವಾಗಲೂ ಅತಿ ನಿಧಾನವಾಗಿ ತನ್ನಷ್ಟಕ್ಕೆ ಒಡೆಯುತ್ತಲೇ ಇರುತ್ತದೆ. ಹೊರಬರುವ ಸಾರಜನಕದ ಆಕ್ಸೈಡುಗಳು ಉಳಿದ ಮದ್ದನ್ನು ಇನ್ನೂ ಬೇಗ ಒಡೆಯುತ್ತವೆ. ಅವುಗಳನ್ನು ಹೀರಿಕೊಳ್ಳಲೆಂದೇ ಡೈಫೀನೈಲಮೀನ್‌ನಂಥ ಸ್ಥಿರಕಾರಿಯನ್ನು ತುಸು ಬೆರೆಸಿರುತ್ತಾರೆ. ಅದು ಇರುವ ತನಕ ಮದ್ದು ಕ್ಷೇಮ. ಮುಗಿದ ಮೇಲೆ ಕೆಡುವ ವೇಗ ಏರುತ್ತದೆ. ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದರೆ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡು ಮೂರು ಪಟ್ಟಾಗುತ್ತದೆ ಎಂದು ಲೆಕ್ಕ ಹಿಡಿದರೆ, ಏಪ್ರಿಲ್‌ನಲ್ಲಿ ಕಾದ ತಗಡಿನ ಸೂರಿನ ಕೆಳಗೂ ಬಿಸಿಲಲ್ಲಿ ನಿಂತ ಜೀಪಿನೊಳಗೂ ಏನಾಗುತ್ತದೆಂದು ಊಹಿಸಬಹುದು. ತೇವ ತಟ್ಟದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ತೋಟಾ ಇಡುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಬೆಂಕಿಯ ಅಪಾಯ ಹಾಗಿರಲಿ, ಕೇಪನ್ನು ಕಾಪಾಡಲು ಹೋಗಿ ಮದ್ದನ್ನು ಬೇಯಿಸಿದಂತಾಗುತ್ತದೆ.

ನಾನು ಇಡುವುದು ಮನೆಯ ನಡುವಿನ, ಹೊರಗೋಡೆಗೆ ತಾಗದ, ಬೀಗ ಹಾಕಿದ ಮರದ ಕಪಾಟಿನಲ್ಲಿ. ಅದರೊಳಗೆ ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ಉಕ್ಕಿನ ಪೆಟ್ಟಿಗೆ. ಪೆಟ್ಟಿಗೆ ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನು ಮುಚ್ಚುವ ತಿಂಗಳಿನಲ್ಲೇ ವಿಷಯವಿರುವುದು. ಜುಲೈನಲ್ಲಿ ಗಟ್ಟಿಯಾಗಿ ಮುಚ್ಚಿದರೆ ಜುಲೈಯನ್ನೇ ಒಳಗೆ ಕೂಡಿಹಾಕಿದಂತೆ. ನಾನು ಫೆಬ್ರವರಿ, ಮಾರ್ಚ್‌ನಲ್ಲಿ, ಬಿಸಿಲು ಚೆನ್ನಾಗಿ ಕಾದ ಮಧ್ಯಾಹ್ನ ಮುಚ್ಚುತ್ತೇನೆ.

ಒಳಗಿನ ಗಾಳಿಯಲ್ಲಿರುವ ನೀರು ನಿಜಕ್ಕೂ ಅತ್ಯಲ್ಪ. ಹತ್ತು ಲೀಟರ್ ಹಿಡಿಯುವ ಪೆಟ್ಟಿಗೆಯ ಗಾಳಿ ಮಳೆಗಾಲದಲ್ಲೂ ಹೊರುವುದು ಸುಮಾರು 0.2 ಗ್ರಾಂ ನೀರನ್ನು. ನೀರು ತುಂಬಿಕೊಂಡಿರುವುದು ತೋಟಾದ ರಟ್ಟಿನ ಡಬ್ಬಿಯಲ್ಲಿ. ನೂರು ಗ್ರಾಂ ರಟ್ಟು ಬೇಸಿಗೆಗಿಂತ ಮಳೆಗಾಲದಲ್ಲಿ ಏಳೆಂಟು ಗ್ರಾಂ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅಂದರೆ ಪೆಟ್ಟಿಗೆಯ ಇಡೀ ಗಾಳಿಯಲ್ಲಿರುವುದರ ಮೂವತ್ತು ನಲವತ್ತು ಪಟ್ಟು. ಆದ್ದರಿಂದ ರಟ್ಟನ್ನು ಹೊರಗಿಟ್ಟು, ಅದರ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ವರ್ಷವನ್ನು ಒಂದು ಚೀಟಿಗೆ ಬರೆದುಕೊಂಡು, ತೋಟಾಗಳನ್ನು ಮಾತ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಡಿಸುತ್ತೇನೆ. ಜೊತೆಗೆ ಬಟ್ಟೆಯ ಚೀಲದಲ್ಲಿ ನೂರು ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಿಸುವ ಕಿತ್ತಳೆ ಬಗೆಯದು. ಹಸಿರಿಗೆ ತಿರುಗಿದರೆ ಅದನ್ನು ಮಾತ್ರ ತೆಗೆದು ಒವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ, ತಣಿದ ಮೇಲೆ ಮರಳಿಸಬಹುದು. ಶೂ ಡಬ್ಬಿಯಲ್ಲಿ ಸಿಗುವ ಒಂದೆರಡು ಗ್ರಾಂ ಪೊಟ್ಟಣವನ್ನು ಹಾಕಿ ನಿಶ್ಚಿಂತರಾಗುವುದು ವ್ಯರ್ಥ. ಅದು ಎರಡು ಬಾರಿ ಮುಚ್ಚಳ ತೆರೆಯುವಷ್ಟರಲ್ಲಿ ತುಂಬಿಹೋಗುತ್ತದೆ.

ಚರ್ಮದ ಪಟ್ಟಿಯಲ್ಲಿ ತೋಟಾ ಸಿಕ್ಕಿಸಿ ಗೋಡೆಗೆ ತೂಗುಹಾಕುವುದು ನೋಡಲು ಚೆಂದ, ಇಡಲು ಕೆಟ್ಟದು. ಚರ್ಮ ಹದಮಾಡಿದ ಆಮ್ಲಗಳು ತೇವದಲ್ಲಿ ಹಿತ್ತಾಳೆಯನ್ನು ತಿಂದು ಹಸಿರು ಕಿಲುಬು ಬರಿಸುತ್ತವೆ. ಗೊಬ್ಬರದ ಕೋಣೆ ಮತ್ತು ಕೊಟ್ಟಿಗೆಯಿಂದಲೂ ದೂರವಿಡಬೇಕು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಉಗ್ರಾಣಗಳಲ್ಲಿ ಮಳೆಗಾಲಕ್ಕೆ ಸರಿಯಾಗಿ ಗುಂಡಿನ ಹಿತ್ತಾಳೆ ಕೋಶಗಳು ಬಿರುಕು ಬಿಡುತ್ತಿದ್ದವು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ: ಕುದುರೆ ಲಾಯಗಳ ಅಮೋನಿಯಾ, ತೇವ ಮತ್ತು ಎಳೆದು ರೂಪಿಸಿದ ಹಿತ್ತಾಳೆಯಲ್ಲಿ ಉಳಿದ ಬಿಗಿತ ಮೂರೂ ಸೇರಿ ಲೋಹವನ್ನು ಸೀಳುತ್ತಿದ್ದವು. ಯೂರಿಯಾ ಚೀಲಗಳ ಪಕ್ಕದಲ್ಲಿ ರೈಫಲ್ ಗುಂಡು ಇಡುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಹಬ್ಬಕ್ಕೆ ಮುಂಚೆ ಹಗಲು ಬೆಳಕಿನಲ್ಲಿ ಒಂದೊಂದನ್ನೂ ನೋಡುತ್ತೇನೆ. ನಮ್ಮ ತಂದೆ ಬಿಟ್ಟುಹೋದ ಕಾಗದದ ತೋಟಾಗಳ ಉದಾಹರಣೆ ಹೇಳುವೆ. ಮೊದಲು ಕೇಪಿನ ಸುತ್ತ ಹಸಿರು ಅಥವಾ ಬಿಳಿ ಪುಡಿ ಇದ್ದವನ್ನು ಬೇರೆ ಮಾಡಿದೆ. ಆಮೇಲೆ ಬಾಯಿಯ ಮಡಿಕೆ ಸಡಿಲವಾಗಿದ್ದವನ್ನು. ಉಳಿದವು ಉಬ್ಬಿವೆಯೇ ಎಂದು ತಿಳಿಯಲು ಕೋವಿಯ ನಳಿಗೆಯನ್ನು ಹಿಡಿಯಿಂದ ಪೂರ್ತಿ ಬಿಚ್ಚಿ, ಬರಿಯ ನಳಿಗೆಯ ಕೋಣೆಗೆ ಒಂದೊಂದನ್ನೇ ಇಳಿಬಿಟ್ಟೆ. ಕುದುರೆಯೇ ಅಲ್ಲಿಲ್ಲದ ಕಾರಣ ಈ ಪರೀಕ್ಷೆ ಸುರಕ್ಷಿತ. ತನ್ನ ಭಾರಕ್ಕೆ ತಾನೇ ಇಳಿದು, ತಿರುಗಿಸಿದಾಗ ತಾನೇ ಜಾರಿಬಂದರೆ ಸರಿ. ಒತ್ತಬೇಕಾದರೆ ತೇವ ಕುಡಿದಿದೆ ಎಂದರ್ಥ. ಕೆಲವು ಕೋಣೆಯ ಅಂಚಿನಲ್ಲೇ ನಿಂತವು. ಎರಡರಿಂದ ಆಮ್ಲದ ಚುರುಕು ವಾಸನೆಯೂ ಬರುತ್ತಿತ್ತು. ಅದು ಮದ್ದು ಒಡೆಯುತ್ತಿರುವ ಗುರುತು. ಅಂಥದ್ದನ್ನು ಮತ್ತೆ ಪೆಟ್ಟಿಗೆಗೆ ಹಾಕಲೇಬಾರದು.

ನೋಟಕ್ಕೆ ಪಾಸಾದದ್ದೆಲ್ಲ ಒಳ್ಳೆಯದೆಂದು ಹೇಳಲಾಗದು. ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯುತ್ತೇನೆ, ಏಕೆಂದರೆ ತೇವದ ಕೇಪು ತಡವಾಗಿಯೂ ಹೊತ್ತಿಕೊಳ್ಳಬಹುದು. ಇದಕ್ಕಿಂತ ಅಪಾಯಕಾರಿ ಎಂದರೆ ಹಾರಿಯೂ ಹಾರದ ಗುಂಡು: ಸದ್ದು ಮಂಕು, ಹೆಗಲಿಗೆ ಹೊಡೆತವಿಲ್ಲ. ಅರ್ಧ ಉರಿದ ಮದ್ದು, ತನಗೂ ಚರೆಗೂ ನಡುವಿನ ಬಿರಡೆಯನ್ನು ನಳಿಗೆಯ ನಡುವೆಯೇ ಬಿಟ್ಟಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಕೋವಿ ತೆರೆದು, ತೋಟಾ ತೆಗೆದು, ಬೆಳಕಿಗೆ ಹಿಡಿದು ನಳಿಗೆ ಪಾರು ಕಾಣುವ ತನಕ ಮುಂದಿನದನ್ನು ಮುಟ್ಟುವುದಿಲ್ಲ.

ಬೇರೆ ಮಾಡಿದವನ್ನು ಬಿಸಿಲಿಗೆ ಒಣಗಿಸುವುದಾಗಲಿ, ಬಿಚ್ಚುವುದಾಗಲಿ, ಹೂಳುವುದಾಗಲಿ ಮಾಡಲಿಲ್ಲ. ಲೆಕ್ಕ ಬರೆದು, ಪೊಲೀಸ್ ಠಾಣೆಗೆ ತಿಳಿಸಿ, ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆದೆ.