ಮೇಲ್ದವಡೆಯ ನೋವು ಹಲ್ಲಿನದೋ, ಸೈನಸ್‌ನದೋ? ಮನೆಯಲ್ಲೇ ಗುರುತಿಸುವ ಬಗೆ

ನೆಗಡಿ ಹಿಡಿದ ವಾರದಲ್ಲಿ ಮೇಲಿನ ದವಡೆಹಲ್ಲುಗಳು ನೋಯತೊಡಗಿದರೆ ದಂತವೈದ್ಯರ ಬಳಿಗೆ ಹೋಗಬೇಕೋ, ಇಎನ್‌ಟಿ ವೈದ್ಯರ ಬಳಿಗೋ ಎಂಬ ಗೊಂದಲ ಹುಟ್ಟುವುದು ಸಹಜ. ಇದಕ್ಕೆ ಕಾರಣ ಮುಖದ ಮೂಳೆಯ ರಚನೆಯಲ್ಲೇ ಇದೆ. ಕೆನ್ನೆಯ ಮೂಳೆಯೊಳಗೆ, ಮೂಗಿನ ಎರಡೂ ಬದಿಗೆ, ಗಾಳಿ ತುಂಬಿದ ಒಂದೊಂದು ಪೊಳ್ಳು ಕೋಣೆಯಿದೆ. ಅದೇ ಮೇಲ್ದವಡೆಯ ಸೈನಸ್. 1651ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ಅವರ ಹೆಸರಿನಿಂದಲೂ ವೈದ್ಯರು ಈ ಕೋಣೆಯನ್ನು ಕರೆಯುವುದುಂಟು. ಮೇಲಿನ ದವಡೆಹಲ್ಲುಗಳ ಮತ್ತು ಅವುಗಳ ಮುಂದಿರುವ ಕಿರಿಯ ದವಡೆಹಲ್ಲಿನ ಬೇರುಗಳು ಈ ಕೋಣೆಯ ನೆಲಕ್ಕೆ ತೀರ ಹತ್ತಿರದಲ್ಲಿರುತ್ತವೆ. ಕೆಲವರಲ್ಲಿ ಬೇರಿನ ತುದಿಗೂ ಸೈನಸ್‌ಗೂ ನಡುವೆ ಮೂಳೆಯೇ ಇರದೆ ತೆಳುವಾದ ಪೊರೆಯಷ್ಟೇ ಇರುತ್ತದೆ. ಈ ಹಲ್ಲುಗಳಿಗೆ ಹೋಗುವ ನರಗಳೂ ಸೈನಸ್‌ನ ಗೋಡೆಯ ಮೂಲಕವೇ ಹಾದು ಹೋಗುವುದರಿಂದ ಸೈನಸ್ ಊದಿಕೊಂಡರೆ ನೋವು ಹಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಲ್ಲಿನ ಬೇರಿನಲ್ಲಿ ಕೀವು ತುಂಬಿದರೆ ಕೆನ್ನೆಯೆಲ್ಲ ಭಾರವಾದಂತೆ ಅನಿಸುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಟಾರ್ಚ್, ಒಂದು ಸ್ಟೀಲ್ ಚಮಚ, ಒಂದು ಸಣ್ಣ ಐಸ್ ತುಂಡು ಮತ್ತು ಸಹಾಯಕ್ಕೆ ಮನೆಯವರೊಬ್ಬರು ಇದ್ದರೆ ಸಾಕು. ಇದು ರೋಗನಿರ್ಣಯವಲ್ಲ, ಯಾವ ವೈದ್ಯರನ್ನು ಮೊದಲು ಕಾಣಬೇಕೆಂಬ ತೀರ್ಮಾನಕ್ಕೆ ನೆರವಾಗುವ ಪರೀಕ್ಷೆ. ನುಂಗಿದ ನೋವಿನ ಮಾತ್ರೆಯ ಪರಿಣಾಮ ಇಳಿಯುವ ಮೊದಲು ಇದನ್ನು ಮಾಡಬಾರದು, ಏಕೆಂದರೆ ಗುರುತಿಸಬೇಕಾದ ನೋವನ್ನೇ ಮಾತ್ರೆ ಮರೆಮಾಚುತ್ತದೆ.

ಮೊದಲು ಕೇಳಿ, ನಂತರ ಮುಟ್ಟಿ

‘ಎಲ್ಲಿ ನೋವು, ಒಂದೇ ಬೆರಳಿನಿಂದ ತೋರಿಸಿ’ ಎಂದು ಕೇಳಿ. ಬೇರಿನ ತುದಿಯಲ್ಲಿ ಕೀವುಗಟ್ಟಿದವರು ಸಾಮಾನ್ಯವಾಗಿ ಒಂದೇ ಹಲ್ಲನ್ನು ತೋರಿಸುತ್ತಾರೆ. ಆ ಹಲ್ಲು ಉಳಿದವುಗಳಿಗಿಂತ ಉದ್ದವಾದಂತೆ, ಬಾಯಿ ಮುಚ್ಚಿದಾಗ ಮೊದಲು ತಾಗುವುದು ಅದೇ ಎಂಬಂತೆ ಅನಿಸುತ್ತದೆ ಎಂದೂ ಹೇಳುತ್ತಾರೆ. ಸೈನಸ್ ಉರಿಯೂತವಿರುವವರು ಹೆಚ್ಚಾಗಿ ಅಂಗೈಯನ್ನೇ ಕೆನ್ನೆಯ ಮೇಲೆ ಇಟ್ಟು ‘ಈ ಭಾಗವೆಲ್ಲ’ ಎನ್ನುತ್ತಾರೆ. ಇಲ್ಲೊಂದು ವಿನಾಯಿತಿ ಇದೆ: ಹಲ್ಲಿನೊಳಗಿನ ತಿರುಳಿಗೆ ಮಾತ್ರ ಉರಿಯೂತವಾಗಿ, ಅದಿನ್ನೂ ಬೇರಿನಿಂದ ಹೊರಗೆ ಹರಡದ ಹಂತದಲ್ಲಿ, ಯಾವ ಹಲ್ಲು ಎಂಬುದು ರೋಗಿಗೇ ತಿಳಿಯುವುದಿಲ್ಲ. ಆದ್ದರಿಂದ ಬೆರಳಿಗೆ ಸಿಗದ ನೋವೆಲ್ಲ ಸೈನಸ್ ನೋವು ಎಂದುಕೊಳ್ಳಬಾರದು.

ಇನ್ನು ಟಾರ್ಚ್ ಹಿಡಿದು ಮೇಲ್ದುಟಿ ಮತ್ತು ಕೆನ್ನೆಯನ್ನು ಎತ್ತಿ ವಸಡನ್ನು ನೋಡಿ. ಹಲ್ಲಿನ ಬೇರಿನ ನೇರಕ್ಕೆ ವಸಡು ಉಬ್ಬಿದೆಯೇ, ಮೊಡವೆಯಂತಹ ಸಣ್ಣ ಗುಳ್ಳೆಯಿದೆಯೇ, ಅದರಿಂದ ಕೀವು ಒಸರುತ್ತಿದೆಯೇ ಎಂದು ಗಮನಿಸಿ. ಅಂಗುಳನ್ನೂ ಮರೆಯಬಾರದು, ಮೇಲಿನ ಮೊದಲ ದವಡೆಹಲ್ಲಿಗೆ ಅಂಗುಳ ಕಡೆಗೂ ಒಂದು ಬೇರಿರುವುದರಿಂದ ಅದರ ಕೀವು ಅಲ್ಲಿ ಉಬ್ಬಿಕೊಳ್ಳಬಹುದು. ಗುಳ್ಳೆ ಕಂಡರೆ ಅದು ಹಲ್ಲಿನ ಸೋಂಕಿನ ಬಲವಾದ ಸುಳಿವು. ಆದರೆ ಗುಳ್ಳೆ ಒಡೆದು ಕೀವು ಹರಿಯತೊಡಗಿದ ಮೇಲೆ ಒಳಗಿನ ಒತ್ತಡ ಇಳಿದು ನೋವು ಬಹುತೇಕ ನಿಂತೇ ಹೋಗುತ್ತದೆ. ‘ಹೊರಗೆ ಹೋಯಿತು, ಸರಿಯಾಯಿತು’ ಎಂದು ಜನ ಸುಮ್ಮನಾಗುವುದು ಇಲ್ಲಿಯೇ. ಬೇರಿನ ಸೋಂಕು ಮಾತ್ರ ಹಾಗೆಯೇ ಉಳಿದಿರುತ್ತದೆ.

ಚಮಚದ ತಟ್ಟು

ಚಮಚದ ಹಿಡಿಯ ತುದಿಯಿಂದ ಹಲ್ಲಿನ ಅಗಿಯುವ ಮೇಲ್ಮೈಯನ್ನು, ಬೇರಿನ ದಿಕ್ಕಿಗೆ, ಹಗುರವಾಗಿ ತಟ್ಟಬೇಕು. ನೋವಿಲ್ಲದ ಬದಿಯಿಂದ ಆರಂಭಿಸಿ, ಆಗ ಸಹಜವಾದ ತಟ್ಟು ಹೇಗಿರುತ್ತದೆ ಎಂಬುದು ರೋಗಿಗೆ ಗೊತ್ತಾಗುತ್ತದೆ. ನಂತರ ನೋವಿರುವ ಬದಿಯ ಹಲ್ಲುಗಳನ್ನು, ಮುಂದೆ ಯಾವುದನ್ನು ತಟ್ಟುತ್ತೀರೆಂದು ಹೇಳದೆ, ಒಂದೊಂದಾಗಿ ತಟ್ಟಿ. ಒಂದು ಹಲ್ಲಿಗೆ ತಟ್ಟಿದಾಗ ರೋಗಿ ಬೆಚ್ಚಿಬಿದ್ದು, ಪಕ್ಕದ ಹಲ್ಲುಗಳಲ್ಲಿ ಏನೂ ಆಗದಿದ್ದರೆ ಸಂಶಯ ಆ ಹಲ್ಲಿನ ಮೇಲೆ ಹೋಗುತ್ತದೆ. ಸೈನಸ್ ಉರಿಯೂತದಲ್ಲಿ ಒಂದೇ ಸಾಲಿನ ಎರಡು-ಮೂರು-ನಾಲ್ಕು ದವಡೆಹಲ್ಲುಗಳು ಒಟ್ಟಿಗೆ ಮಂದವಾಗಿ ನೋಯುತ್ತವೆ. ಯಾವುದೂ ಪ್ರತ್ಯೇಕವಾಗಿ ಎದ್ದು ಕಾಣುವುದಿಲ್ಲ.

ತಣ್ಣನೆಯ ಪರೀಕ್ಷೆ

ಇವುಗಳಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದು ಇದರ ಮೇಲೆ, ಏಕೆಂದರೆ ಉಳಿದವು ನೋವು ಎಲ್ಲಿದೆ ಎಂಬುದನ್ನು ತಿಳಿಸುತ್ತವೆ, ಇದು ಹಲ್ಲು ಜೀವಂತವಾಗಿದೆಯೇ ಎಂಬುದನ್ನು ತಿಳಿಸುತ್ತದೆ. ಹಲ್ಲುಗಳನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ ಒಣಗಿಸಿ. ಬಟ್ಟೆಯಲ್ಲಿ ಹಿಡಿದ ಐಸ್‌ನ ಮೊನೆಯನ್ನು ಹಲ್ಲಿನ ಹೊರಮೈಗೆ, ವಸಡಿನ ಅಂಚಿನ ಹತ್ತಿರ, ಐದರಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕರಗಿದ ನೀರು ಪಕ್ಕದ ಹಲ್ಲಿಗೆ ತಗುಲಿ ದಾರಿ ತಪ್ಪಿಸದಂತೆ ಹಿಂದಿನ ಹಲ್ಲಿನಿಂದ ಮುಂದಕ್ಕೆ ಬರುವುದು ಒಳ್ಳೆಯದು. ಮತ್ತೊಂದು ಬದಿಯ ಅದೇ ಹಲ್ಲಿನಲ್ಲಿ ಮೊದಲು ಮಾಡಿ ಹೋಲಿಸಿ.

ಆರೋಗ್ಯವಂತ ಹಲ್ಲು ಐಸ್ ತಾಗಿದಾಗ ಜುಂ ಎಂದು, ತೆಗೆದ ಕೆಲವೇ ಸೆಕೆಂಡುಗಳಲ್ಲಿ ಶಾಂತವಾಗುತ್ತದೆ. ಐಸ್ ತೆಗೆದ ಮೇಲೂ ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತು ಸೆಳೆತ ಉಳಿದರೆ ಹಲ್ಲಿನ ತಿರುಳು ತೀವ್ರವಾಗಿ ಉರಿಯೂತಗೊಂಡಿದೆ ಎಂದು ಭಾವಿಸಬಹುದು. ಏನೂ ಅನಿಸದಿದ್ದರೆ ತಿರುಳು ಸತ್ತಿರಬಹುದು. ಅಂತಹ ಹಲ್ಲೇ ತಟ್ಟಿದಾಗಲೂ ನೋಯುತ್ತಿದ್ದರೆ ಬೇರಿನ ತುದಿಯಲ್ಲಿ ಕೀವು ಇರುವ ಸಾಧ್ಯತೆ ಹೆಚ್ಚು. ಕೇವಲ ಸೈನಸ್ ಉರಿಯೂತವಾದರೆ ತಟ್ಟಿದಾಗ ನೋಯುವ ಹಲ್ಲುಗಳೆಲ್ಲ ಐಸ್‌ಗೆ ಸಹಜವಾಗಿ ಪ್ರತಿಕ್ರಿಯಿಸುತ್ತವೆ. ಹಲ್ಲು ಜೀವಂತವಾಗಿದ್ದು ವಸಡಿನ ಅಂಚಿನಿಂದ ಕೀವು ಬರುತ್ತಿದ್ದರೆ ಅದು ವಸಡಿನ ಬಾವು, ಅದೂ ದಂತವೈದ್ಯರ ಕೆಲಸವೇ.

ಈ ಪರೀಕ್ಷೆಗೂ ಮಿತಿಗಳಿವೆ. ರೂಟ್ ಕೆನಾಲ್ ಆದ ಹಲ್ಲಿಗೆ ಐಸ್ ಎಂದಿಗೂ ತಿಳಿಯುವುದಿಲ್ಲ, ಆದ್ದರಿಂದ ಅಲ್ಲಿ ಪ್ರತಿಕ್ರಿಯೆ ಇಲ್ಲದಿರುವುದಕ್ಕೆ ಅರ್ಥವಿಲ್ಲ. ಕ್ಯಾಪ್ ಹಾಕಿದ ಹಲ್ಲುಗಳಲ್ಲಿಯೂ ವಯಸ್ಸಾದವರಲ್ಲಿಯೂ ಪ್ರತಿಕ್ರಿಯೆ ಮಂದವಾಗಿರಬಹುದು. ಮೂರು ಬೇರುಗಳ ದವಡೆಹಲ್ಲಿನಲ್ಲಿ ಒಂದು ಬೇರಿನ ತಿರುಳು ಸತ್ತು ಇನ್ನೊಂದು ಜೀವಂತವಾಗಿರುವುದೂ ಉಂಟು.

ಮೂಗು ಹೇಳುವ ಸಾಕ್ಷಿ

ಕುರ್ಚಿಯಲ್ಲಿ ಕುಳಿತು ತಲೆಯನ್ನು ಮೊಣಕಾಲ ನಡುವೆ ಬಗ್ಗಿಸಿ ಅರ್ಧ ನಿಮಿಷ ಇರಲಿ. ಅಥವಾ ತುದಿಗಾಲ ಮೇಲೆ ನಿಂತು ಹಿಮ್ಮಡಿಗಳನ್ನು ನೆಲಕ್ಕೆ ತುಸು ಜೋರಾಗಿ ಇಳಿಸಲಿ. ಕೆನ್ನೆಯಲ್ಲಿ ಮಿಡಿತ, ಒತ್ತಡ ಹೆಚ್ಚಾದರೆ ಅದು ಸೈನಸ್‌ನ ಪರವಾದ ಸುಳಿವು. ಆದರೆ ಉರಿಯೂತಗೊಂಡ ಹಲ್ಲಿಗೂ ತಲೆ ತಗ್ಗಿಸಿದಾಗ, ರಾತ್ರಿ ಮಲಗಿದಾಗ ರಕ್ತದ ಒತ್ತಡ ಏರಿ ಮಿಡಿಯುವ ಸ್ವಭಾವವಿದೆ. ಆದ್ದರಿಂದ ಈ ಒಂದರ ಮೇಲೆಯೇ ತೀರ್ಪು ಕೊಡಬಾರದು. ಮೂಗು ಕಟ್ಟಿರುವುದು, ವಾಸನೆ ಕಡಿಮೆಯಾಗಿರುವುದು, ಗಟ್ಟಿ ಸಿಂಬಳ, ಗಂಟಲ ಹಿಂದಕ್ಕೆ ಇಳಿಯುವ ಕಫ ಇವು ಜೊತೆಗಿದ್ದರೆ ಮಾತ್ರ ಬೆಲೆ ಕೊಡಿ. ಸಿಂಬಳ ಹಳದಿಯಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ಎಂದಲ್ಲ, ಸಾಮಾನ್ಯ ವೈರಸ್ ನೆಗಡಿಯಲ್ಲೂ ಅದು ಹಳದಿಯಾಗುತ್ತದೆ. ಹತ್ತು ದಿನ ಕಳೆದರೂ ಇಳಿಯದ ನೆಗಡಿ, ಅಥವಾ ಇಳಿಮುಖವಾಗಿ ಮತ್ತೆ ಉಲ್ಬಣಿಸಿದ ನೆಗಡಿ ಎರಡೂ ವೈದ್ಯರಿಗೆ ತೋರಿಸಬೇಕಾದವು.

ಎರಡೂ ಒಂದೇ ಆದಾಗ

ಇಲ್ಲಿಯವರೆಗೆ ‘ಇದೋ ಅದೋ’ ಎಂದು ನೋಡಿದೆವು. ಆದರೆ ಹಲ್ಲಿನ ಕೀವೇ ಸೈನಸ್‌ನ ನೆಲವನ್ನು ದಾಟಿ ಅಲ್ಲಿ ಸೋಂಕು ಉಂಟುಮಾಡುವ ಮೂರನೆಯ ಸಾಧ್ಯತೆಯೂ ಇದೆ, ಮತ್ತು ಹೆಚ್ಚಾಗಿ ತಪ್ಪುವುದು ಇದೇ. ಒಂದು ಕಲ್ಪಿತ ಉದಾಹರಣೆ ನೋಡೋಣ. ನಲವತ್ತು ದಾಟಿದ ಶಿಕ್ಷಕಿಯೊಬ್ಬರಿಗೆ ಮೂರು ತಿಂಗಳಿನಿಂದ ಬಲ ಮೂಗಿನಲ್ಲಿ ಮಾತ್ರ ಕೆಟ್ಟ ವಾಸನೆಯ ಸಿಂಬಳ. ಎರಡು ಬಾರಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆ; ಮಾತ್ರೆ ಇರುವವರೆಗೆ ಆರಾಮ, ಮುಗಿದ ಕೆಲವು ವಾರಕ್ಕೆ ಮತ್ತೆ ಅದೇ ಕಥೆ. ಬಗ್ಗಿದರೆ ಬಲಗೆನ್ನೆ ಭಾರ. ಹಲ್ಲು ನೋವೇ ಇಲ್ಲ ಎನ್ನುತ್ತಾರೆ. ತಟ್ಟಿದಾಗ ಬಲಗಡೆಯ ಮೊದಲ ದವಡೆಹಲ್ಲು ಪಕ್ಕದವುಗಳಿಗಿಂತ ತುಸು ಬೇರೆಯಾಗಿ, ಅಹಿತವಾಗಿ ಅನಿಸುತ್ತದೆ. ವರ್ಷಗಳ ಹಿಂದೆ ಅದಕ್ಕೆ ದೊಡ್ಡ ಫಿಲ್ಲಿಂಗ್ ಹಾಕಿಸಿದ್ದಾರೆ, ರೂಟ್ ಕೆನಾಲ್ ಆಗಿಲ್ಲ. ಐಸ್ ಇಟ್ಟರೆ ಪಕ್ಕದ ಹಲ್ಲುಗಳು ಜುಂ ಎನ್ನುತ್ತವೆ, ಇದು ಮಾತ್ರ ಸುಮ್ಮನಿರುತ್ತದೆ.

ಈ ಚಿತ್ರದಲ್ಲಿ ನಿರ್ಣಾಯಕ ಸಂಗತಿಗಳು ಎರಡು: ತೊಂದರೆ ಒಂದೇ ಬದಿಗೆ ಸೀಮಿತವಾಗಿರುವುದು, ಮತ್ತು ಸಿಂಬಳ ನಾರುವುದು. ನೆಗಡಿಯಿಂದ ಹುಟ್ಟಿದ ಸೈನಸ್ ತೊಂದರೆ ಹೆಚ್ಚಾಗಿ ಎರಡೂ ಬದಿಗೆ ಇರುತ್ತದೆ. ಹಲ್ಲಿನ ಕೀವು ಸೈನಸ್‌ನೊಳಗೆ ಹರಿದುಹೋಗುತ್ತಿರುವುದರಿಂದಲೇ ಬೇರಿನಲ್ಲಿ ಒತ್ತಡ ಹೆಚ್ಚದೆ ಹಲ್ಲು ನೋಯದೆ ಉಳಿಯುತ್ತದೆ. ರೋಗಿಗೂ ವೈದ್ಯರಿಗೂ ಹಲ್ಲು ನೆನಪಾಗದಿರುವುದು ಅದಕ್ಕೇ. ಹಲ್ಲಿನ ಸಾಮಾನ್ಯ ಎಕ್ಸ್‌ರೇಯಲ್ಲಿ ಬೇರುಗಳ ನೆರಳು ಸೈನಸ್‌ನ ಮೇಲೆ ಬೀಳುವುದರಿಂದ ಸೋಂಕು ಕಣ್ತಪ್ಪಬಹುದು. ಹಲ್ಲು ಮತ್ತು ಸೈನಸ್ ಎರಡನ್ನೂ ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಇಲ್ಲಿ ಹೆಚ್ಚು ಉಪಯುಕ್ತ. ಇವರಿಗೆ ಹಲ್ಲಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಅಥವಾ ಹಲ್ಲು ಕೀಳುವುದು, ಆಗದೆ ಸೈನಸ್ ಗುಣವಾಗುವುದು ಕಷ್ಟ. ಹಲ್ಲಿನ ಚಿಕಿತ್ಸೆಯ ನಂತರವೂ ಸೈನಸ್ ಇಳಿಯದಿದ್ದರೆ ಇಎನ್‌ಟಿ ವೈದ್ಯರ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದ್ದರಿಂದ ಇಬ್ಬರೂ ವೈದ್ಯರು ಒಂದೇ ಸ್ಕ್ಯಾನ್ ನೋಡಿ ಮಾತಾಡುವುದು ಒಳ್ಳೆಯದು.

ಬರಿಯ ಹಲ್ಲಿನ ಬಾವಿಗೂ ಇದೇ ತತ್ವ ಅನ್ವಯಿಸುತ್ತದೆ. ಸತ್ತ ತಿರುಳಿನೊಳಗೆ ರಕ್ತ ಸಂಚಾರವಿಲ್ಲದ್ದರಿಂದ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದಿಲ್ಲ. ಜ್ವರ ಬಂದಾಗ, ಊತ ಹರಡುತ್ತಿರುವಾಗ ವೈದ್ಯರು ಅದನ್ನು ಕೊಡುತ್ತಾರೆ, ಆದರೆ ಕೀವಿಗೆ ದಾರಿ ಮಾಡಿಕೊಡುವ ಚಿಕಿತ್ಸೆಗೆ ಅದು ಬದಲಿಯಲ್ಲ. ಔಷಧ ಅಂಗಡಿಯಿಂದ ತಂದು ನುಂಗಿದ ಎರಡು ದಿನದ ಮಾತ್ರೆ ಮಾಡುವುದು ಒಂದೇ ಕೆಲಸ, ಮೇಲಿನ ಪರೀಕ್ಷೆಗಳ ಸುಳಿವುಗಳನ್ನು ಮಬ್ಬಾಗಿಸುವುದು.

ಪರೀಕ್ಷೆಗೆ ಕೂರದೆ ಹೊರಡಬೇಕಾದ ಸಂದರ್ಭಗಳು

ಕಣ್ಣಿನ ಸುತ್ತ ಊತ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ದೃಷ್ಟಿ ಮಂಜಾದರೆ, ಬಾಯಿ ಅಗಲಿಸಲು, ನುಂಗಲು, ಉಸಿರಾಡಲು ಕಷ್ಟವಾದರೆ, ಹೆಚ್ಚಿನ ಜ್ವರದ ಜೊತೆ ತೀವ್ರ ತಲೆನೋವು ಮತ್ತು ಕತ್ತು ಸೆಟೆದುಕೊಂಡಿದ್ದರೆ ಐಸ್, ಚಮಚ ಬದಿಗಿಟ್ಟು ತಕ್ಷಣ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಬೇಕು. ಮೇಲಿನ ಕೋರೆಹಲ್ಲಿನ ಕೀವು ಮೂಗಿನ ಪಕ್ಕದಲ್ಲಿ, ಕಣ್ಣಿನ ಕೆಳಗೆ ಊತವಾಗಿ ಕಾಣಿಸುತ್ತದೆ. ಅಲ್ಲಿನ ಸೋಂಕು ರಕ್ತನಾಳಗಳ ಮೂಲಕ ಮಿದುಳಿನ ಬುಡಕ್ಕೆ ತಲುಪುವುದು ಅಪರೂಪವಾದರೂ ಅಪಾಯಕಾರಿ.

ಹತೋಟಿಯಲ್ಲಿಲ್ಲದ ಮಧುಮೇಹವಿರುವವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಇನ್ನೊಂದು ಸಂಗತಿಯ ಬಗ್ಗೆ ಎಚ್ಚರವಹಿಸಬೇಕು. 2021ರಲ್ಲಿ ಕೋವಿಡ್ ಎರಡನೇ ಅಲೆಯ ವೇಳೆ ಕರ್ನಾಟಕದಲ್ಲೂ ಕಂಡ ಕಪ್ಪು ಶಿಲೀಂಧ್ರ ರೋಗ, ಅಂದರೆ ಮ್ಯೂಕರ್‌ಮೈಕೋಸಿಸ್, ಕೆಲವರಲ್ಲಿ ಮೇಲ್ದವಡೆಯ ನೋವಾಗಿಯೇ ಶುರುವಾಯಿತು. ಕೆನ್ನೆ ಮರಗಟ್ಟುವುದು, ಗಟ್ಟಿಯಾಗಿದ್ದ ಹಲ್ಲುಗಳು ದಿನಗಳಲ್ಲಿ ಅಲುಗಾಡತೊಡಗುವುದು, ಅಂಗುಳ ಅಥವಾ ಮೂಗಿನೊಳಗೆ ಕಪ್ಪು ಕಲೆ ಕಾಣುವುದು ಇದರ ಗುರುತುಗಳು. ಇಂತಹವರಲ್ಲಿ ಅದೇ ದಿನ ಮೂಗಿನೊಳಗೆ ದುರ್ಬೀನಿನಿಂದ ನೋಡಿ, ಅಂಗಾಂಶದ ತುಣುಕನ್ನು ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆಯಿರುವ ಆಸ್ಪತ್ರೆಯನ್ನೇ ನೇರವಾಗಿ ಸೇರಬೇಕು.