ಕೂಸಿಗೆ ಭೇದಿ: ಎಷ್ಟು ಸಲ ಆಯಿತೆಂದು ಎಣಿಸುತ್ತ ಕೂರಬೇಡಿ, ಕೂಸನ್ನು ನೋಡಿ

ಹುಬ್ಬಳ್ಳಿ–ಧಾರವಾಡದ ಅನೇಕ ಬಡಾವಣೆಗಳಿಗೆ ನಲ್ಲಿ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಬಂದ ದಿನ ಕೊಡ, ಬ್ಯಾರಲ್ ಎಲ್ಲ ತುಂಬಿಸಿಟ್ಟು, ಮತ್ತೆ ನೀರು ಬರುವವರೆಗೆ ಅದರಲ್ಲೇ ತಂಬಿಗೆ ಅದ್ದಿ ತೆಗೆಯುತ್ತೇವೆ. ಗದಗ, ಹಾವೇರಿಯ ಊರುಗಳಲ್ಲೂ ಶೇಖರಿಸಿಟ್ಟ ನೀರು ಹೊಸ ಸಂಗತಿಯೇನಲ್ಲ. ಅದೇ ಕೈ, ಅದೇ ತಂಬಿಗೆ, ಅದೇ ನೀರು ಕೂಸಿನ ಬಟ್ಟಲಿಗೂ ಹೋಗುತ್ತದೆ. ಒಂದೆರಡು ವರ್ಷದ ಮಕ್ಕಳಿಗೆ ಭೇದಿ ಹತ್ತುವ ದಾರಿಗಳಲ್ಲಿ ಇದೂ ಒಂದು.

ಭೇದಿ ಶುರುವಾದ ಕೂಡಲೇ ಮನೆಯಲ್ಲಿ ಹಿರಿಯರು ಹೇಳುವ ಮಾತು ಒಂದೇ: ‘ಮೇಲೆ ಹಾಕಿದಷ್ಟೂ ಕೆಳಗೆ ಹೋಗುತ್ತದೆ, ಹೊಟ್ಟೆಗೆ ಏನೂ ಕೊಡಬೇಡ.’ ಕೂಸನ್ನು ಅಪಾಯಕ್ಕೆ ದೂಡುವುದು ಈ ಮಾತೇ. ಸಾಮಾನ್ಯ ನೀರು ಭೇದಿ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಅಷ್ಟರೊಳಗೆ ಮೈಯಿಂದ ಹೋಗುವ ನೀರು ಮತ್ತು ಉಪ್ಪಿನಂಶ ಮರಳಿ ತುಂಬದಿದ್ದರೆ ಜೀವಕ್ಕೆ ಅಪಾಯ. ಹಾಗಾಗಿ ಭೇದಿಯನ್ನು ನಿಲ್ಲಿಸುವುದು ನಮ್ಮ ಕೆಲಸವಲ್ಲ, ಹೋದಷ್ಟನ್ನು ತುಂಬಿಕೊಡುವುದು ನಮ್ಮ ಕೆಲಸ.

ಗದಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹದಿನೈದು ತಿಂಗಳ, 9 ಕಿಲೋ ತೂಗುವ ಕೂಸೊಂದಿದೆ ಎಂದಿಟ್ಟುಕೊಳ್ಳೋಣ. ಬೆಳಗಿನಿಂದ ಮಧ್ಯಾಹ್ನದೊಳಗೆ ಐದು ಸಲ ನೀರಿನಂತೆ ಭೇದಿಯಾಗಿದೆ, ಒಂದು ಸಲ ವಾಂತಿಯೂ ಆಗಿದೆ. ಆದರೆ ಮೂತ್ರ ಮಾಡುತ್ತಿದೆ, ಅತ್ತರೆ ಕಣ್ಣೀರು ಬರುತ್ತದೆ, ಆಟಿಕೆ ಕೊಟ್ಟರೆ ಕೈ ಚಾಚುತ್ತದೆ. ಭೇದಿಯಲ್ಲಿ ರಕ್ತವಿಲ್ಲ. ಈ ಹಂತದ ಆರೈಕೆಯನ್ನು ಮನೆಯಲ್ಲೇ ಮಾಡಬಹುದು.

ಓಆರ್‌ಎಸ್ ಕಲಸುವುದು

ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಪೊಟ್ಟಣ ಉಚಿತವಾಗಿ ಸಿಗುತ್ತದೆ. ಮೊದಲು ಪೊಟ್ಟಣದ ಮೇಲೆ ಬರೆದ ನೀರಿನ ಅಳತೆ ಓದಿ. ಸುಮಾರು 20.5 ಗ್ರಾಂ ತೂಕದ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು ಬೇಕು. ಅಂಗಡಿಯಲ್ಲಿ 200 ಮಿಲಿ ಲೀಟರ್ ನೀರಿಗಾಗುವ ಚಿಕ್ಕ ಪೊಟ್ಟಣಗಳೂ ಇವೆ. ಕೈ ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ನೀರನ್ನು ಒಂದು ಲೀಟರ್ ಬಾಟಲಿಯಿಂದ ಅಳೆದು ಪಾತ್ರೆಗೆ ಸುರಿಯಿರಿ. ಪೊಟ್ಟಣವನ್ನು ಪೂರ್ತಿ ಹಾಕಿ ಕದಡಿ, ಮುಚ್ಚಿಡಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಬೇಕು.

ದೊಡ್ಡ ಪೊಟ್ಟಣದಿಂದ ಒಂದೆರಡು ಚಮಚ ಪುಡಿ ತೆಗೆದು ಲೋಟದ ನೀರಿಗೆ ಹಾಕಿ, ಉಳಿದದ್ದನ್ನು ಮಡಚಿಡುವುದು ಎಲ್ಲೆಡೆ ಕಾಣುವ ತಪ್ಪು. ಕರುಳು ಸಕ್ಕರೆಯ ಜೊತೆಗೂಡಿಸಿ ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಈ ಲೆಕ್ಕದ ಮೇಲೆ. ಪುಡಿ ಹೆಚ್ಚಾಗಿ ದ್ರಾವಣ ಗಟ್ಟಿಯಾದರೆ ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸ, ಸಿಹಿ ಚಹಾ ಬೇಡವೆನ್ನುವುದೂ ಇದಕ್ಕೇ. ಗ್ಲೂಕೋಸ್ ಪುಡಿ ಓಆರ್‌ಎಸ್ ಅಲ್ಲ, ಅದರಲ್ಲಿ ಬೇಕಾದಷ್ಟು ಉಪ್ಪಿಲ್ಲ. ಸಿಹಿ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆದರೂ ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿರುವುದೇ ಆಗಬೇಕು.

ಕುಡಿಸುವುದು

ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ ಲೀಟರ್, ಅಂದರೆ ಚಿಕ್ಕ ಲೋಟದಲ್ಲಿ ಅರ್ಧ ಲೋಟದ ಆಸುಪಾಸು ಕೊಡಿ. ಎರಡು ದಾಟಿದವರಿಗೆ 100ರಿಂದ 200 ಮಿಲಿ ಲೀಟರ್. ಬಾಟಲಿ ಬೇಡ, ಲೋಟ ಮತ್ತು ಚಮಚ ಸಾಕು. ಒಂದೊಂದೇ ಚಮಚ, ಒಂದೆರಡು ನಿಮಿಷಕ್ಕೊಮ್ಮೆ. ಬಾಯಾರಿದ ಕೂಸು ಲೋಟ ಕಸಿದು ಗಟಗಟ ಕುಡಿದರೆ ವಾಂತಿಯಾಗುವುದುಂಟು. ವಾಂತಿಯಾಯಿತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ. ಇದು ತಾಳ್ಮೆ ಬೇಡುವ ಕೆಲಸ, ಒಬ್ಬ ತಾಯಿಯ ತಲೆಯ ಮೇಲೆ ಹಾಕುವಂಥದ್ದಲ್ಲ. ತಂದೆಯೂ ಅಜ್ಜಿಯೂ ಸರದಿಯಂತೆ ಚಮಚ ಹಿಡಿಯಬೇಕು.

ಊಟ

ಎದೆಹಾಲನ್ನು ಹೆಚ್ಚು ಸಲ ಕೊಡಿ. ಮೆತ್ತಗೆ ಬೆಂದ ಹೆಸರುಬೇಳೆ ಅನ್ನಕ್ಕೆ ಒಂದು ಚಮಚ ತುಪ್ಪ, ಮೊಸರನ್ನ, ಗಟ್ಟಿಯಾಗಿ ಬೇಯಿಸಿದ ಜೋಳದ ನುಚ್ಚು ಮಜ್ಜಿಗೆಯೊಂದಿಗೆ, ಕಿವುಚಿದ ಬಾಳೆಹಣ್ಣು, ಇವೆಲ್ಲ ಈ ಹೊಟ್ಟೆಗೆ ಹೊಂದುತ್ತವೆ. ಮೂರು ನಾಲ್ಕು ಗಂಟೆಗೊಮ್ಮೆ ನಾಲ್ಕಾರು ತುತ್ತು ತಿಂದರೂ ಸಾಕು. ತೆಳು ಅಕ್ಕಿ ಗಂಜಿಯ ಮೇಲೇ ದಿನ ದೂಡಬೇಡಿ, ಅದರಲ್ಲಿ ನೀರಿದೆ, ಶಕ್ತಿಯಿಲ್ಲ. ಭೇದಿ ನಿಂತ ಮೇಲೂ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳುತ್ತದೆ.

ಭೇದಿ ನಿಲ್ಲಿಸುವ ಮಾತ್ರೆಯನ್ನು ಔಷಧಿ ಅಂಗಡಿಯಿಂದ ಕೇಳಿ ತಂದು ಮಕ್ಕಳಿಗೆ ಕೊಡಲೇಬಾರದು. ಅದು ಕರುಳಿನ ಚಲನೆಯನ್ನು ಕಟ್ಟಿಹಾಕಿ ಹೊಟ್ಟೆ ಉಬ್ಬಿಸುತ್ತದೆ.

ಅಪಾಯ ಗುರುತಿಸುವುದು

ನಮ್ಮ ಕೂಸು ಸಂಜೆಗೆ ಕಿರಿಕಿರಿ ಮಾಡತೊಡಗಿತು, ಎತ್ತಿಕೊಂಡರೂ ಸಮಾಧಾನವಿಲ್ಲ. ಕಣ್ಣು ಒಳಗೆ ಹೋದಂತೆ ಕಾಣುತ್ತದೆ, ಲೋಟ ಕಂಡರೆ ಹಾತೊರೆಯುತ್ತದೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರೆ ಥಟ್ಟನೆ ಮೊದಲಿನಂತಾಗದೆ ನಿಧಾನವಾಗಿ ಕೂಡುತ್ತದೆ. ಈ ನಾಲ್ಕರಲ್ಲಿ ಎರಡು ಕಂಡರೂ ನಿರ್ಜಲೀಕರಣ ಶುರುವಾಗಿದೆ ಎಂದರ್ಥ. ಓಆರ್‌ಎಸ್ ಕುಡಿಸುತ್ತಲೇ ಆರೋಗ್ಯ ಕೇಂದ್ರಕ್ಕೆ ಹೊರಡಿ. ಅಲ್ಲಿ ಕಿಲೋಗೆ 75 ಮಿಲಿ ಲೀಟರ್‌ನಂತೆ, ಈ ಕೂಸಿಗೆ ಸುಮಾರು 675 ಮಿಲಿ ಲೀಟರ್ ಓಆರ್‌ಎಸ್ ಅನ್ನು ನಾಲ್ಕು ಗಂಟೆಯಲ್ಲಿ ಕಣ್ಣೆದುರೇ ಕುಡಿಸಿ ಮತ್ತೆ ಪರೀಕ್ಷಿಸುತ್ತಾರೆ. ಹೆಚ್ಚಿನ ಮಕ್ಕಳು ಅಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ.

ಅಳುತ್ತಿದ್ದ ಕೂಸು ಸುಮ್ಮನಾದರೆ ‘ಸದ್ಯ, ಮಲಗಿತು’ ಎಂದುಕೊಳ್ಳುವವರಿದ್ದಾರೆ. ದಯವಿಟ್ಟು ಎಬ್ಬಿಸಿ ನೋಡಿ. ಎಬ್ಬಿಸಿದರೂ ಸರಿಯಾಗಿ ಏಳದೆ ಜೋಲು ಬಿದ್ದಿದ್ದರೆ, ಕುಡಿಯಲಾಗದಿದ್ದರೆ, ಹಿಡಿದು ಬಿಟ್ಟ ಚರ್ಮ ಎರಡು ಸೆಕೆಂಡ್ ದಾಟಿದರೂ ಮಡಿಕೆಯಾಗಿಯೇ ನಿಂತರೆ ಅದು ತೀವ್ರ ನಿರ್ಜಲೀಕರಣ. ಆಗ ರಕ್ತನಾಳದ ಮೂಲಕ ದ್ರವ ಕೊಡಲೇಬೇಕು. 108ಕ್ಕೆ ಕರೆ ಮಾಡಿ, ಗದಗದ ಜಿಮ್ಸ್, ಹುಬ್ಬಳ್ಳಿಯ ಕಿಮ್ಸ್ ಅಥವಾ ಹಾವೇರಿಯ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಸಾಗಿಸಿ. ನುಂಗುವಷ್ಟು ಎಚ್ಚರವಿದ್ದರೆ ದಾರಿಯುದ್ದಕ್ಕೂ ಚಮಚದಿಂದ ಕುಡಿಸಿ. ಎಚ್ಚರವಿಲ್ಲದ ಕೂಸಿನ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ತೀರಾ ಸೊರಗಿದ ಮಕ್ಕಳಲ್ಲಿ ಚರ್ಮದ ಪರೀಕ್ಷೆಯನ್ನು ನಂಬುವಂತಿಲ್ಲ, ಅವರಿಗೆ ಓಆರ್‌ಎಸ್ ಪ್ರಮಾಣವೂ ಬೇರೆ. ಅಂಥವರನ್ನು ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು. ಭೇದಿಯಲ್ಲಿ ರಕ್ತ, ಜ್ವರ, ಬಿಡದ ವಾಂತಿ, ಆರು ಗಂಟೆ ಕಳೆದರೂ ಮೂತ್ರವಿಲ್ಲದಿರುವುದು ಕಂಡರೆ ಯಾವ ಕೂಸನ್ನೂ ಮನೆಯಲ್ಲಿಟ್ಟುಕೊಳ್ಳಬೇಡಿ.

ಜಿಂಕ್

ಓಆರ್‌ಎಸ್ ಜೊತೆಗೆ ಮೊದಲ ದಿನದಿಂದಲೇ ಜಿಂಕ್ ಶುರುವಾಗಬೇಕು. ಆರು ತಿಂಗಳಿಂದ ಐದು ವರ್ಷದವರಿಗೆ ದಿನಕ್ಕೊಂದು 20 ಮಿಲಿಗ್ರಾಂ ಮಾತ್ರೆ, ಎರಡರಿಂದ ಆರು ತಿಂಗಳವರಿಗೆ ಅರ್ಧ ಮಾತ್ರೆ. ಚಮಚದಲ್ಲಿ ಸ್ವಲ್ಪ ನೀರು ಅಥವಾ ಎದೆಹಾಲಿಗೆ ಹಾಕಿದರೆ ಕರಗುತ್ತದೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಕೊಡಿ.

ಭೇದಿ ಮೂರನೆಯ ದಿನಕ್ಕೆ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುವವರೇ ಹೆಚ್ಚು. ಭೇದಿಯಲ್ಲಿ ಮೈಯ ಜಿಂಕ್ ಕರಗಿ ಹೋಗಿರುತ್ತದೆ, ಕೆಟ್ಟ ಕರುಳಿನ ಒಳಪದರ ಮತ್ತೆ ಬೆಳೆಯಲು ಅದು ಬೇಕು. 14 ದಿನ ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಹತ್ತುವ ಸಾಧ್ಯತೆಯೂ ತಗ್ಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಕೊಟ್ಟ ದಿನಕ್ಕೆ ಗುರುತು ಹಾಕುತ್ತ ಹೋಗಿ. ಹದಿನಾಲ್ಕನೆಯ ಗುರುತು ಬಿದ್ದ ದಿನವೂ ಭೇದಿ ಮುಂದುವರಿದಿದ್ದರೆ ಅದು ಬೇರೆ ಕಾಯಿಲೆಯ ಲಕ್ಷಣ. ಅಲ್ಲಿಗೆ ಮನೆಯ ಆರೈಕೆ ಸಾಲದು, ಮಕ್ಕಳ ವೈದ್ಯರೇ ನೋಡಬೇಕು.