ಈಜುಗಾರರ ಕಿವಿನೋವು: ಹನಿ ಒಳಗೆ ಇಳಿಯಬೇಕು, ನೀರು ಹೊರಗೆ ಬರಬೇಕು

ಕಿವಿ ನೋವೆಂದು ಅಳುವ ಮಗುವಿನ ಕಿವಿಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಆಮೇಲೆ ಕಿವಿತೂತಿನ ಮುಂದೆ, ಕೆನ್ನೆಯ ಕಡೆಗಿರುವ ಪುಟ್ಟ ದಿಬ್ಬವನ್ನು ಬೆರಳಿನಿಂದ ಒತ್ತಿ. ಚೀರಿ ಕೈ ತಳ್ಳಿದರೆ ತೊಂದರೆ ಇರುವುದು ಹೊರಗಿವಿಯ ನಾಳದಲ್ಲಿ ಎಂದು ಹೆಚ್ಚುಕಡಿಮೆ ಖಚಿತ. ನೆಗಡಿಯ ಬೆನ್ನಿಗೆ ಕಿವಿಯ ತಮಟೆಯ ಹಿಂದೆ ಆಗುವ ಸೋಂಕಿನಲ್ಲಿ ಕಿವಿ ಎಳೆದರೆ ನೋವು ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಈ ಎರಡರ ಚಿಕಿತ್ಸೆಯೂ ಬೇರೆ ಬೇರೆ. ಒಳಗಿನದಕ್ಕೆ ಹೊಟ್ಟೆಗೆ ಔಷಧಿ ಬೇಕಾಗಬಹುದು. ನಾಳದ ಸೋಂಕಿಗೆ ಬೇಕಾದದ್ದು ಹನಿ ಔಷಧಿ, ಅದೂ ಜಾಗಕ್ಕೆ ತಲುಪಿದರೆ ಮಾತ್ರ.

ದೊಡ್ಡವರ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಒಂದು ತುದಿಯಲ್ಲಿ ತಮಟೆ ಮುಚ್ಚಿಕೊಂಡಿರುವುದರಿಂದ ಅದೊಂದು ಕುರುಡು ಓಣಿ. ಹೊರಗಿನ ಮೂರನೇ ಒಂದು ಭಾಗದ ಚರ್ಮದಲ್ಲಿ ಮಾತ್ರ ಗುಗ್ಗೆ ತಯಾರಾಗುತ್ತದೆ. ಉಳಿದ ಭಾಗದಲ್ಲಿ ಚರ್ಮ ಬಹಳ ತೆಳು, ಅದರ ಕೆಳಗೆ ನೇರವಾಗಿ ಮೂಳೆ. ಸ್ವಲ್ಪ ಊದಿಕೊಂಡರೂ ಹಿಗ್ಗಲು ಜಾಗವಿಲ್ಲ, ನೋವು ಅಷ್ಟು ಜೋರಾಗಿರುವುದು ಅದಕ್ಕೇ. ನಾವು ಕೊಳೆ ಎಂದು ಕೆರೆದು ತೆಗೆಯುವ ಗುಗ್ಗೆ ನಿಜವಾಗಿ ನಾಳದ ಕಾವಲುಗಾರ. ಎಣ್ಣೆಯಂತೆ ನೀರನ್ನು ಜಾರಿಸುತ್ತದೆ, ತುಸು ಹುಳಿ ಗುಣದಿಂದ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ.

ದಿನಾ ಒಂದೆರಡು ಗಂಟೆ ನೀರಿನಲ್ಲಿದ್ದರೆ ಈ ಗುಗ್ಗೆ ತೊಳೆದುಹೋಗುತ್ತದೆ, ಚರ್ಮ ನೆನೆದು ಮೆತ್ತಗಾಗುತ್ತದೆ. ಒದ್ದೆ ಬೆರಳು ಸುಕ್ಕಾಗುತ್ತದಲ್ಲ, ಹಾಗೆಯೇ. ನೆನೆದ ಚರ್ಮ ತುರಿಸುತ್ತದೆ. ತುರಿಸಿದಾಗ ಹತ್ತಿಕಡ್ಡಿಯೋ ಹೇರ್‌ಪಿನ್ನೋ ಒಳಗೆ ಹೋಗುತ್ತದೆ, ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಆ ಗೀರಿನಿಂದ ಒಳನುಗ್ಗುವುದು ಹೆಚ್ಚಾಗಿ ಸ್ಯೂಡೊಮೊನಾಸ್ ಅಥವಾ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಕೊಳದ ಕ್ಲೋರಿನ್ ಮಟ್ಟ ಕುಸಿದಾಗ ಸ್ಯೂಡೊಮೊನಾಸ್ ನೀರಿನಲ್ಲಿ ಹೆಚ್ಚುತ್ತದೆ ಎಂಬುದು ನಿಜ. ಹಾಗೆಂದು ಕೊಳ ಶುದ್ಧವಿದ್ದರೆ ಸೋಂಕೇ ಬಾರದು ಎಂದಲ್ಲ. ನಮ್ಮ ಲೆಕ್ಕದಲ್ಲಿ ನೀರಿಗಿಂತ ದೊಡ್ಡ ಅಪರಾಧಿ ಹತ್ತಿಕಡ್ಡಿ. ಈಜೇ ಬಾರದವರಿಗೂ ಇದೇ ಸೋಂಕು ಬರುತ್ತದೆ, ಕೇಳಿದರೆ ಕಿಸೆಯಲ್ಲಿ ಕಡ್ಡಿಯೋ ಬೈಕಿನ ಕೀಲಿಯೋ ಇರುತ್ತದೆ.

ಮುಂಬಯಿಯ ದಿನಚರಿ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಬೆಳಿಗ್ಗೆ ಈಜಿ, ಒದ್ದೆ ಕಿವಿಗೇ ಇಯರ್‌ಫೋನ್ ತುರುಕಿ ಲೋಕಲ್ ಹತ್ತಿದರೆ ನಾಳಕ್ಕೆ ಬಿರಡೆ ಹಾಕಿದಂತೆ. ಪುಣೆಯಲ್ಲಿ ಒದ್ದೆ ತಲೆಯ ಮೇಲೆ ಹೆಲ್ಮೆಟ್ ಏರಿಸಿ ಹೊರಟರೂ ಕಿವಿ ಆರಲು ಗಾಳಿ ಸಿಗದು. ಮಳೆಗಾಲದಲ್ಲಂತೂ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಿವಿ ಒಣಗೀತೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಮಾಟುಂಗಾದ ಒಂಬತ್ತನೇ ಕ್ಲಾಸಿನ ಹುಡುಗ, 45 ಕಿಲೋ ತೂಕ, ದಾದರಿನಲ್ಲಿ ದಿನಾ ಈಜು. ಸೋಮವಾರ ಬಲಗಿವಿ ತುರಿಸಿತು, ಮಂಗಳವಾರ ಹತ್ತಿಕಡ್ಡಿ ಆಡಿಸಿದ. ಬುಧವಾರ ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದಷ್ಟು ನೋವು, ಜಗಿದರೂ ನೋವು, ಕಿವಿ ಮುಚ್ಚಿಕೊಂಡಂತೆ ಮಂದ. "ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಬಿಡೋಣ, ಮಗಾ" ಎಂದರು ಅಜ್ಜಿ. ಬೇಡ. ಆಗಲೇ ಕೆಂಡದಂತಾದ ಚರ್ಮವನ್ನು ಬೆಳ್ಳುಳ್ಳಿ ಸುಡುತ್ತದೆ, ಎಣ್ಣೆಯು ಕೀವು ಹೊಟ್ಟನ್ನು ಹಿಡಿದು ನಿಲ್ಲಿಸಿ ಮುಂದೆ ಹಾಕುವ ಹನಿಗೆ ಅಡ್ಡವಾಗುತ್ತದೆ. ಆ ರಾತ್ರಿಗೆ 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಮಾತ್ರೆ ಸಾಕು. ಮುಂದೂ ಬೇಕಾದರೆ 6 ಗಂಟೆ ಬಿಟ್ಟು ಮತ್ತೊಂದು, ದಿನಕ್ಕೆ 4ಕ್ಕಿಂತ ಹೆಚ್ಚು ಬೇಡ.

ಗುರುವಾರ ಇಎನ್‌ಟಿ ಡಾಕ್ಟರು ಕಿವಿಯೊಳಗೆ ನೋಡುತ್ತಾರೆ. ಈ ನೋಡುವಿಕೆಯನ್ನು ತಪ್ಪಿಸಿ ಮೆಡಿಕಲ್ ಅಂಗಡಿಯಿಂದ ನೇರ ಹನಿ ತರುವುದು ಏಕೆ ಸರಿಯಲ್ಲ ಎಂದರೆ, ಔಷಧಿ ಆರಿಸುವುದು ಎರಡು ಪ್ರಶ್ನೆಗಳ ಮೇಲೆ: ತಮಟೆಯಲ್ಲಿ ತೂತಿದೆಯೇ, ಮತ್ತು ಇದು ಬ್ಯಾಕ್ಟೀರಿಯಾವೋ ಶಿಲೀಂಧ್ರವೋ. ತಮಟೆ ತೂತಾಗಿದ್ದರೆ ನಿಯೊಮೈಸಿನ್, ಜೆಂಟಾಮೈಸಿನ್‌ನಂಥ ಹನಿಗಳು ಒಳಗಿವಿಗೆ ಇಳಿದು ಕೇಳುವ ಶಕ್ತಿಯನ್ನೇ ಕೆಡಿಸಬಹುದು. ನಿಯೊಮೈಸಿನ್ ಕೆಲವರ ಚರ್ಮಕ್ಕೆ ಅಲರ್ಜಿಯೂ ಹೌದು, ಆಗ ಹನಿ ಹಾಕಿದಷ್ಟೂ ಕಿವಿ ಕೆಂಪಾಗುತ್ತದೆ. ಶಿಲೀಂಧ್ರವಾದರೆ ನೋವಿಗಿಂತ ತುರಿಕೆ ಮುಂದು. ಒಳಗೆ ನೆನೆದ ಕಾಗದದಂಥ ಬಿಳಿ ಪದರ, ಅದರ ಮೇಲೆ ಕಪ್ಪು ಚುಕ್ಕಿ ಕಾಣಬಹುದು. ಅದಕ್ಕೆ ನಾಳ ಶುಚಿ ಮಾಡಿ ಕ್ಲೋಟ್ರಿಮಜೋಲ್ ಹನಿ ಬೇಕು. ಬ್ಯಾಕ್ಟೀರಿಯಾದ ಹನಿಯನ್ನೇ ವಾರಗಟ್ಟಲೆ ಹಾಕುತ್ತಾ ಹೋದರೆ ಶಿಲೀಂಧ್ರ ಇನ್ನೂ ಹುಲುಸಾಗುತ್ತದೆ. ಮಳೆಗಾಲದಲ್ಲಿ "ಎಷ್ಟು ಹನಿ ಹಾಕಿದರೂ ಹೋಗುತ್ತಿಲ್ಲ" ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

ನಮ್ಮ ಹುಡುಗನದು ಬ್ಯಾಕ್ಟೀರಿಯಾ, ತಮಟೆ ಸರಿಯಾಗಿದೆ. ಡಾಕ್ಟರು ಹೊಟ್ಟು ತೆಗೆದು, ಸಿಪ್ರೊಫ್ಲಾಕ್ಸಾಸಿನ್ ಶೇ. 0.3 ಮತ್ತು ಡೆಕ್ಸಾಮೆಥಾಸೋನ್ ಶೇ. 0.1 ಇರುವ ಹನಿ ಬರೆದರು: 4 ಹನಿ, ದಿನಕ್ಕೆ 2 ಸಲ, 7 ದಿನ. ಮೊದಲನೆಯದು ಬ್ಯಾಕ್ಟೀರಿಯಾ ಕೊಲ್ಲಲು, ಎರಡನೆಯದು ಊತ ಇಳಿಸಲು. ಒಟ್ಟು 56 ಹನಿ, ಅಂದರೆ ಸುಮಾರು 3 ಮಿಲಿಲೀಟರ್. 5 ಮಿಲಿಲೀಟರಿನ ಒಂದೇ ಬಾಟಲಿ ಧಾರಾಳ.

ಹನಿ ಬಿಡುವ ಕ್ರಮ

ಬಾಟಲಿಯನ್ನು ಮೊದಲು ಮುಷ್ಟಿಯಲ್ಲಿ ಒಂದೆರಡು ನಿಮಿಷ ಹಿಡಿದು ಮೈಬಿಸಿಗೆ ತನ್ನಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹನಿ ಒಳಗೆ ಬಿದ್ದರೆ ತಲೆ ಗಿರ್ರೆಂದು ಸುತ್ತುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿ ಕಾಯಿಸುವುದೂ ಬೇಡ. ಹೊರಗೆ ಸೋರಿದ ಕೀವನ್ನು ಹತ್ತಿಯಿಂದ ಒರೆಸಿ, ಒಳಗೆ ಏನನ್ನೂ ಹಾಕಬೇಡಿ. ನೋವಿರುವ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿಸಿ. ಕೂತು ತಲೆ ವಾಲಿಸಿದರೆ ಸಾಲದು.

ನಾಳ ನೇರ ಕೊಳವೆಯಲ್ಲ, ತಿರುವಿದೆ. ದೊಡ್ಡವರಿಗೂ ದೊಡ್ಡ ಮಕ್ಕಳಿಗೂ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಅದು ನೇರವಾಗುತ್ತದೆ. 3 ವರ್ಷದೊಳಗಿನ ಮಗುವಿಗೆ ಕೆಳಕ್ಕೂ ಹಿಂದಕ್ಕೂ ಎಳೆಯಬೇಕು. ಬಾಟಲಿಯ ತುದಿ ಕಿವಿಗೆ ತಾಗದಂತೆ, ಹನಿಗಳನ್ನು ನಾಳದ ಗೋಡೆಗುಂಟ ಜಾರಿಸಿ. ತೂತಿನ ನಟ್ಟನಡುವೆ ಒಟ್ಟಿಗೆ ಸುರಿದರೆ ಕೆಳಗಿನ ಗಾಳಿ ಹೊರಬರಲಾಗದೆ ಔಷಧಿ ಬಾಯಲ್ಲೇ ಗುಳ್ಳೆಯಾಗಿ ನಿಲ್ಲುತ್ತದೆ.

ಇನ್ನು ಬಹುತೇಕರು ಬಿಟ್ಟುಬಿಡುವ ಹೆಜ್ಜೆ: ಮುಂದಿನ ಆ ಪುಟ್ಟ ದಿಬ್ಬವನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಬಿಡಿ. ಪಂಪಿನಂತೆ ಗಾಳಿ ಹೊರಗೆ ಬಂದು ಹನಿ ಒಳಗಿಳಿಯುತ್ತದೆ. ನೋವಿನಿಂದ ಒತ್ತಲಾಗದಿದ್ದರೆ ಕಿವಿಯನ್ನೇ ನಿಧಾನ ಅಲುಗಾಡಿಸಿ. ಹಾಗೆಯೇ ಐದು ನಿಮಿಷ ಮಲಗಿರಬೇಕು. ಎದ್ದ ಮೇಲೆ ಹೊರಬಂದದ್ದನ್ನು ಒರೆಸಿದರಾಯಿತು, ಹತ್ತಿ ತುರುಕಿದರೆ ಔಷಧಿಯನ್ನು ಅದೇ ಕುಡಿಯುತ್ತದೆ.

ಸರಿಯಾಗಿ ಇಳಿದರೆ 48ರಿಂದ 72 ಗಂಟೆಯೊಳಗೆ ನೋವು ತಗ್ಗಲೇಬೇಕು. ಈ ಹುಡುಗನಿಗೆ ಶನಿವಾರವಾದರೂ ತಗ್ಗಲಿಲ್ಲ. ಬಿಟ್ಟ ಹನಿಯೆಲ್ಲ ಕೂಡಲೇ ಹೊರಗೆ ಹರಿದು ಕತ್ತು ಒದ್ದೆಯಾಗುತ್ತಿತ್ತು. ಔಷಧಿ ಕೆಲಸ ಮಾಡುತ್ತಿಲ್ಲ ಎಂದಲ್ಲ, ನಾಳವೇ ಊದಿ ಮುಚ್ಚಿದೆ ಎಂದರ್ಥ. ಇಂಥಲ್ಲಿ ಇನ್ನೂ ಜೋರಾದ ಆಂಟಿಬಯಾಟಿಕ್ ಮಾತ್ರೆ ಕೇಳುವವರಿದ್ದಾರೆ. ಸೋಂಕು ಕಿವಿಯ ಸುತ್ತ ಹರಡದಿದ್ದರೆ, ಸಕ್ಕರೆ ಕಾಯಿಲೆಯಂಥದ್ದು ಇಲ್ಲದಿದ್ದರೆ, ಮಾತ್ರೆಯಿಂದ ಹೆಚ್ಚಿನ ಲಾಭವಿಲ್ಲ. ನಾಳದಲ್ಲಿ ಹನಿಯ ಸಾಂದ್ರತೆ ಮಾತ್ರೆಯಿಂದ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಡಾಕ್ಟರು ಒಂದು ಸಣ್ಣ ಬತ್ತಿಯನ್ನು ಒಳಗೆ ಕೂರಿಸಿದರು. ಹನಿಯನ್ನು ಬತ್ತಿಯ ಮೇಲೆ ಬಿಟ್ಟರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ಒಳಗೆ ಎಳೆದುಕೊಳ್ಳುತ್ತದೆ. ಸೋಮವಾರ ಊತ ಇಳಿದಾಗ ಬತ್ತಿ ತೆಗೆದರು. ನೋವು ನಿಂತರೂ ಹೇಳಿದಷ್ಟು ದಿನ ಹನಿ ಮುಂದುವರಿಸಿದ.

ವಾಸಿಯಾಗುವವರೆಗೆ ಸ್ನಾನದಲ್ಲೂ ಕಿವಿಗೆ ನೀರು ಬೇಡ. ಹತ್ತಿಯುಂಡೆಗೆ ವ್ಯಾಸಲಿನ್ ಸವರಿ ತೂತಿನ ಬಾಯಿಗೆ ಇಟ್ಟು ಮೀಯಿಸಿ, ಮಿಂದ ತಕ್ಷಣ ತೆಗೆಯಿರಿ. ಕೊಳಕ್ಕೆ 7ರಿಂದ 10 ದಿನ ರಜೆ. ಸ್ಪರ್ಧೆ ಹತ್ತಿರವಿದ್ದರೆ ಡಾಕ್ಟರು ನೋಡಿ ಒಪ್ಪಿದ ಮೇಲೆ, ನೋವು ಪೂರ್ತಿ ಹೋಗಿ ಎರಡು ಮೂರು ದಿನ ಕಳೆದು, ಸರಿಯಾಗಿ ಕೂರುವ ಪ್ಲಗ್ ಹಾಕಿ ಇಳಿಯಬಹುದು.

ಒಣಗಿಸುವ ಕ್ರಮ

ಕೊಳದಿಂದ ಮೇಲೆ ಬಂದೊಡನೆ ತಲೆಯನ್ನು ಒಂದು ಬದಿಗೆ ಪೂರ್ತಿ ವಾಲಿಸಿ, ಕಿವಿಯನ್ನು ಬೇರೆ ಬೇರೆ ದಿಕ್ಕಿಗೆ ಎಳೆಯಿರಿ. ಸಿಕ್ಕಿಕೊಂಡ ನೀರು ಬೆಚ್ಚಗೆ ಹೊರಗಿಳಿಯುವುದು ಗೊತ್ತಾಗುತ್ತದೆ. ಟವೆಲಿನ ತುದಿಯಿಂದ ಕಿವಿತೂತಿನ ಬಾಯಿಯಷ್ಟನ್ನೇ ಒರೆಸಿ. ಮನೆಗೆ ಬಂದು ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಯಲ್ಲಿ, ಒಂದು ಅಡಿ ದೂರ ಹಿಡಿದು, ಕಿವಿ ಎಳೆದುಕೊಂಡು ಅರ್ಧ ನಿಮಿಷ ಆಡಿಸಿ. ಇಯರ್‌ಫೋನ್ ಅದಾದ ಮೇಲೆ. ಗೋವೆಯ ಕಡಲಿನಲ್ಲಿ ಮಿಂದವರ ಕಿವಿಗೆ ಮರಳೂ ಸೇರಿರುತ್ತದೆ. ಅದನ್ನು ಕಡ್ಡಿಯಿಂದ ಕೆದಕಿದರೆ ಉಪ್ಪುಕಾಗದ ಉಜ್ಜಿದಂತೆ, ತಾನಾಗಿ ಹೊರಬರಲು ಬಿಡಿ. ಪದೇ ಪದೇ ಸೋಂಕು ಬರುವವರಿಗೆ ಮೆತ್ತನೆಯ ಸಿಲಿಕೋನ್ ಪ್ಲಗ್ ಒಳ್ಳೆಯದು. ಅದನ್ನು ತೂತಿನೊಳಗೆ ತಳ್ಳದೆ ಬಾಯಿಯ ಮೇಲೆ ಒತ್ತಿ, ಮೇಲೆ ಟೋಪಿ ಎಳೆಯಬೇಕು.

ಈಜಿದ ಮೇಲೆ ಹಾಕುವ ಹುಳಿ ಹನಿಯೂ ಇದೆ. ಬಿಳಿ ವಿನೆಗರ್ ಮತ್ತು ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಮಸಮ ಬೆರೆಸಿ, ಕಿವಿಗೆ ನಾಲ್ಕೈದು ಹನಿ ಬಿಟ್ಟು, ಒಂದು ನಿಮಿಷದ ಮೇಲೆ ವಾಲಿಸಿ ಸುರಿಯುವುದು. ಆಲ್ಕೋಹಾಲ್ ನೀರನ್ನು ಆರಿಸುತ್ತದೆ, ವಿನೆಗರ್ ಹುಳಿ ಗುಣ ಮರಳಿಸುತ್ತದೆ. ಇದು ತಡೆಗೆ ಮಾತ್ರ. ಕಿವಿ ನೋಯುತ್ತಿದ್ದರೆ, ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಅಥವಾ ಅದರಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸಿದ್ದರೆ ಒಂದು ಹನಿಯೂ ಬೇಡ. ಒಮ್ಮೆಯೂ ಕಿವಿ ತೋರಿಸದವರು ಮೊದಲು ತಮಟೆ ನೋಡಿಸಿಕೊಳ್ಳಲಿ.

ಕಾಯಬಾರದ ಸಂದರ್ಭಗಳಿವೆ: ಜ್ವರ, ಕಿವಿಯ ಹಿಂದೆ ಊತ, ಕಿವಿಯಿಂದ ಕೆನ್ನೆಗೆ ಹಬ್ಬುವ ಕೆಂಪು. ಸಕ್ಕರೆ ಕಾಯಿಲೆಯ ಹಿರಿಯರಿಗೆ ನಿದ್ದೆ ಕೆಡಿಸುವ ಆಳವಾದ ಕಿವಿನೋವು ಹನಿ ಹಾಕಿಯೂ ಇಳಿಯದಿದ್ದರೆ, ಅಥವಾ ಅದೇ ಬದಿಯ ಮುಖ ಸೊಟ್ಟಗಾದರೆ, ಸೋಂಕು ಮೂಳೆಗೆ ಇಳಿದಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಕೋರ್ಸ್ ಮುಗಿದ ಮೇಲೆ ಬಾಟಲಿಯಲ್ಲಿ ಎರಡು ಮಿಲಿಲೀಟರ್ ಉಳಿದಿರುತ್ತದೆ. ಬಿಚ್ಚಿ ಒಂದು ತಿಂಗಳಾದದ್ದನ್ನು ಎಸೆಯಿರಿ. ಅಲ್ಲಿಯವರೆಗೂ ಕಣ್ಣಿನ ಹನಿಯ ಪಕ್ಕದಲ್ಲಿ ಮಾತ್ರ ಇಡಬೇಡಿ. ಎರಡೂ ಬಾಟಲಿ ನೋಡಲು ಒಂದೇ ಥರ, ಕಿವಿಗೆಂದೇ ಮಾಡಿದ ಕ್ಲೋಟ್ರಿಮಜೋಲ್ ಹನಿ ಕಣ್ಣಿಗೆ ಬಿದ್ದರೆ ಕಣ್ಣು ಉರಿದುಹೋಗುತ್ತದೆ.